ಪದಚರ್ಚೆ: ಹಡಗಿನ ಸದ್ದು, ತಿಮಿಂಗಿಲದ ಕಿವಿ. ಎಕೋಲೊಕೇಶನ್‌ಗೆ ಕನ್ನಡ ಬೇಕು, ತುರ್ತು

ಸುಮಾ, ಡೊಂಬಿವಿಲಿ:
ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದಿಂದ ಇಲ್ಲಿನ ಕನ್ನಡ ಶಾಲೆಯ ಮಕ್ಕಳಿಗೆ ಸಮುದ್ರದ ಬಗ್ಗೆ ಒಂದು ಪ್ರದರ್ಶನ ಇಟ್ಟಿದ್ದೇವೆ. ನಾಳೆ ಮಧ್ಯಾಹ್ನ ಫ್ಲೆಕ್ಸ್ ಅಂಗಡಿಗೆ ಫೈಲ್ ಕೊಡಬೇಕು. ಒಂದು ಬೋರ್ಡಿನಲ್ಲಿ ಗೂನುಬೆನ್ನಿನ ತಿಮಿಂಗಿಲದ ಚಿತ್ರ ಇದೆ. ಅದರ ಕೆಳಗಿನ ಇಂಗ್ಲಿಷ್ ಸಾಲಿನ ಅರ್ಥ ಇಷ್ಟು: ಹಡಗುಗಳ ಸದ್ದಿನಿಂದ ತಿಮಿಂಗಿಲಗಳ ಎಕೋಲೊಕೇಶನ್ ಕೆಡುತ್ತದೆ, ಅವು ವಲಸೆಯ ದಾರಿ ತಪ್ಪುತ್ತವೆ. "ಪ್ರತಿಧ್ವನಿ ಸ್ಥಾನನಿರ್ಣಯ" ಅಂತ ಹಾಕಿದ್ದೆ. ನನ್ನ ಮಗಳು ಓದಿ, ಅಮ್ಮಾ ಇದು ಕೋರ್ಟಿನ ನೋಟಿಸಾ ಅಂತ ಕೇಳಿದಳು. ಸಣ್ಣ ಪದ ಇದ್ದರೆ ಹೇಳಿ.

ದೇಶಪಾಂಡೆ, ಪುಣೆ:
ಮಾರ್ದನಿ ಇರುವಾಗ ಪ್ರತಿಧ್ವನಿ ಯಾಕೆ? ಮಾರ್ + ದನಿ. ಮಾರ್ನುಡಿಯಲ್ಲಿ ಇರುವ ಅದೇ ಮಾರ್. ಕೂಗಿ, ಮರಳಿ ಬಂದ ದನಿಯಿಂದ ಎದುರಿಗಿರುವುದನ್ನು ಅರಿಯುವುದು, ಹಾಗಾಗಿ "ಮಾರ್ದನಿಯರಿವು". ಇಷ್ಟು ಸರಳ. ಸಂಸ್ಕೃತದ ಇಟ್ಟಿಗೆ ಹೊರುವ ಚಟ ನಮಗೆ ಯಾವಾಗ ಬಿಡುತ್ತದೋ.

ಭಟ್, ಮಾಟುಂಗಾ:
ದನಿ ಎನ್ನುವುದೇ ಧ್ವನಿಯ ತದ್ಭವ, ಸ್ವಾಮಿ. ಅರ್ಧ ಇಟ್ಟಿಗೆ ನೀವೂ ಹೊತ್ತಿದ್ದೀರಿ.

ದೇಶಪಾಂಡೆ, ಪುಣೆ:
ತದ್ಭವ ಆದ ಮೇಲೆ ಅದು ನಮ್ಮದೇ. ಇದನ್ನು ಈ ಗುಂಪಿನಲ್ಲಿ ಹತ್ತು ಸಲ ಹೇಳಿ ಆಗಿದೆ.

ಶೆಟ್ಟಿ, ವಾಸ್ಕೋ:
ನಾನು ಇಪ್ಪತ್ತಾರು ವರ್ಷ ಹಡಗಿನ ಎಂಜಿನ್ ರೂಮಿನಲ್ಲಿ ಇದ್ದವನು, ಪದದ ಪಂಡಿತ ಅಲ್ಲ. ಸದ್ದು ಎಲ್ಲಿಂದ ಬರುತ್ತದೆ ಅಂತ ಮಾತ್ರ ಹೇಳುತ್ತೇನೆ. ಜನ ಎಂಜಿನ್ ಅಂದುಕೊಳ್ಳುತ್ತಾರೆ. ಜಾಸ್ತಿ ಸದ್ದು ಪ್ರೊಪೆಲ್ಲರ್‌ನದ್ದು. ಅದು ಜೋರಾಗಿ ತಿರುಗುವಾಗ ರೆಕ್ಕೆಯ ಒಂದು ಬದಿಯಲ್ಲಿ ಒತ್ತಡ ಎಷ್ಟು ಇಳಿಯುತ್ತದೆ ಅಂದರೆ, ತಣ್ಣಗಿನ ನೀರೇ ಆವಿಯ ಗುಳ್ಳೆ ಆಗುತ್ತದೆ. ಆ ಗುಳ್ಳೆಗಳು ಪಟಪಟ ಅಂತ ಕುಸಿಯುತ್ತವೆ. ಅದಕ್ಕೆ ನಾವು ಕ್ಯಾವಿಟೇಶನ್ ಅನ್ನುತ್ತೇವೆ. ಹಡಗನ್ನು ನೀರಿನಿಂದ ಹೊರಗಿಟ್ಟು ರಿಪೇರಿ ಮಾಡುವ ಡ್ರೈಡಾಕಿನಲ್ಲಿ ನೋಡಬೇಕು ನೀವು, ಪ್ರೊಪೆಲ್ಲರ್‌ನ ಗಟ್ಟಿ ಲೋಹ ಹುಳ ತಿಂದ ಬದನೆಕಾಯಿಯ ಹಾಗೆ ಗುಂಡಿಬಿದ್ದಿರುತ್ತದೆ. ವೇಗ ಇಳಿಸಿದರೆ ಸದ್ದೂ ಇಳಿಯುತ್ತದೆ. ಆದರೆ ಈ ತೊಂದರೆಯ ಮಾತು ಸ್ವಲ್ಪ ಉಬ್ಬಿಸಿದ್ದು ಅಂತ ನನಗೆ ಅನಿಸುತ್ತದೆ. ಡಾಲ್ಫಿನ್‌ಗಳು ಹಡಗಿನ ಮೂತಿಯ ಮುಂದೆ ಬಂದು ಆಡುವುದನ್ನು ಎಷ್ಟು ಸಲ ನೋಡಿದ್ದೇನೆ. ಸದ್ದು ಬೇಡ ಅಂದರೆ ಯಾಕೆ ಬರುತ್ತವೆ?

ದೇಶಪಾಂಡೆ, ಪುಣೆ:
ಕ್ಯಾವಿಟೇಶನ್ ಬೇಡ. ಗುಳ್ಳೆಕೊರೆತ.

ಶೆಟ್ಟಿ, ವಾಸ್ಕೋ:
ಹಾಗಂತ ಹೇಳಿದರೆ ಡ್ರೈಡಾಕಿನವರು ನನ್ನನ್ನು ಚರ್ಮದ ಡಾಕ್ಟರ ಹತ್ತಿರ ಕಳಿಸುತ್ತಾರೆ.

ನಾಗವೇಣಿ, ಪಣಜಿ:
ಸುಮಾ ಅವರೇ, ಪದಕ್ಕಿಂತ ಮೊದಲು ಸಾಲನ್ನೇ ತಿದ್ದಬೇಕು. ನಿಮ್ಮ ಚಿತ್ರದ ತಿಮಿಂಗಿಲಕ್ಕೆ ಎಕೋಲೊಕೇಶನ್ ಇಲ್ಲವೇ ಇಲ್ಲ! ಅದು ಹಲ್ಲಿರುವ ಗುಂಪಿನ ವಿದ್ಯೆ, ಅಂದರೆ ಡಾಲ್ಫಿನ್, ಸ್ಪರ್ಮ್ ತಿಮಿಂಗಿಲ, ಇವುಗಳದ್ದು. ಗೂನುಬೆನ್ನಿನದ್ದು, ನೀಲಿಯದ್ದು ಬಾಯಲ್ಲಿ ಹಲ್ಲಿನ ಬದಲು ಜರಡಿ ಇರುವ ಜಾತಿ. ಅವು ದೂರದ ಜೊತೆಗಾರರಿಗೆ ಕೇಳಲಿ ಅಂತ ತಗ್ಗಿದ ದನಿಯಲ್ಲಿ ಕೂಗುತ್ತವೆ. ನೀಲಿಯದ್ದು ಎಷ್ಟು ತಗ್ಗು ಅಂದರೆ ಕೆಲವು ಕೂಗು ನಮ್ಮ ಕಿವಿಗೆ ಕೇಳುವುದೇ ಇಲ್ಲ.

ಹಡಗಿನ ಸದ್ದಿನ ಬಲವೂ ತಗ್ಗಿನ ಕಡೆಯೇ ಇದೆ, ಕೆಲವು ನೂರು ಹರ್ಟ್ಜ್‌ನ ಒಳಗೆ. ತೊಂದರೆ ಇರುವುದು ಅಲ್ಲೇ. ಡಾಲ್ಫಿನ್ನಿನ ಕ್ಲಿಕ್ 1 ಲಕ್ಷ ಹರ್ಟ್ಜ್‌ನ ಆಚೆಗೂ ಹೋಗುತ್ತದೆ. ಅಷ್ಟು ಎತ್ತರದ ಸದ್ದು ನೀರಿನಲ್ಲಿ ಬೇಗ ಸಾಯುತ್ತದೆ, ಹಾಗಾಗಿ ದೂರದ ಹಡಗು ಅದನ್ನು ಅಷ್ಟಾಗಿ ಕೆಡಿಸುವುದಿಲ್ಲ. ಹತ್ತಿರದ ಹಡಗು ಕೆಡಿಸುತ್ತದೆ ಶೆಟ್ರೇ, ನೀವು ಹೇಳಿದ ಗುಳ್ಳೆಗಳಿಂದ ಎತ್ತರದ ಸದ್ದೂ ಹುಟ್ಟುತ್ತದೆ. ಆಡಲು ಬಂದವನ್ನು ನೀವು ಕಂಡಿದ್ದೀರಿ. ದೂರ ಹೋದವು ಡೆಕ್ಕಿನಿಂದ ಕಾಣುವುದಿಲ್ಲ.

ಸುಮಾ ಅವರಿಗೆ ನಿಜವಾಗಿ ಬೇಕಾದದ್ದು ಇಂಗ್ಲಿಷಿನ ಮಾಸ್ಕಿಂಗ್‌ಗೆ ಪದ. ಕೂಗು ಇದೆ, ಆದರೆ ಗದ್ದಲದಲ್ಲಿ ಕೇಳುವವರಿಗೆ ಬೇರೆಯಾಗಿ ಸಿಗುವುದಿಲ್ಲ. ತೆರೆದ ನೀರಿನಲ್ಲಿ ಹಿನ್ನೆಲೆ ಸದ್ದು 6 ಡೆಸಿಬೆಲ್ ಏರಿತು ಅಂದುಕೊಳ್ಳಿ. ಮೊದಲು 20 ಕಿಲೋಮೀಟರ್ ದೂರಕ್ಕೆ ಕೇಳುತ್ತಿದ್ದ ಕೂಗು ಈಗ 10ಕ್ಕೆ ನಿಲ್ಲುತ್ತದೆ. ದೂರ ಅರ್ಧ ಆದರೆ ಕೂಗು ಕೇಳುವ ಸುತ್ತಲಿನ ಜಾಗ ಕಾಲು ಭಾಗ. ದಡದ ಹತ್ತಿರ ನೀರಿನ ಆಳ ಕಡಿಮೆಯಾಗಿ ಸದ್ದು ಬೇರೆ ಥರ ಹರಡುತ್ತದೆ, ಅಲ್ಲಿ ಈ ಲೆಕ್ಕ ಹಾಗೇ ನಡೆಯುವುದಿಲ್ಲ.

ಶೆಟ್ಟಿ, ವಾಸ್ಕೋ:
ಸರಿ ಮೇಡಂ, ಲೆಕ್ಕ ಒಪ್ಪಿದೆ. ಆದರೆ ಕೇಳದೇ ಇದ್ದರೆ ಅದಕ್ಕೆ ಸಂಕಟ ಆಗುತ್ತದೆ ಅಂತ ಹೇಗೆ ಗೊತ್ತು? ತಿಮಿಂಗಿಲ ಬಂದು ಹೇಳಿತಾ?

ನಾಗವೇಣಿ, ಪಣಜಿ:
ಹೇಳಿದ್ದು ಅದರ ಸಗಣಿ. 2001ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಲೆ ದಾಳಿ ಆದ ಮೇಲೆ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗು ಓಡಾಟ ಕಡಿಮೆಯಾಯಿತು. ನೀರೊಳಗಿನ ಸದ್ದು 6 ಡೆಸಿಬೆಲ್ ಇಳಿಯಿತು, ಅದೂ ಮುಖ್ಯವಾಗಿ 150 ಹರ್ಟ್ಜ್‌ಗಿಂತ ಕೆಳಗೆ. ಅಲ್ಲಿ ರೈಟ್ ತಿಮಿಂಗಿಲಗಳ ಸಗಣಿ ಕೂಡಿಸುವ ಕೆಲಸ ಬೇರೆ ಕಾರಣಕ್ಕೆ ಮೊದಲೇ ನಡೆಯುತ್ತಿತ್ತು. ಆ ದಿನಗಳ ಸಗಣಿಯಲ್ಲಿ ಒತ್ತಡದ ಹಾರ್ಮೋನ್ ಕಡಿಮೆ ಇತ್ತು. ಮುಂದಿನ ವರ್ಷಗಳಲ್ಲಿ ಅದೇ ಕಾಲಕ್ಕೆ ಆ ಇಳಿಕೆ ಕಾಣಲಿಲ್ಲ. 2012ರಲ್ಲಿ ಅದು ಪ್ರಕಟವಾಯಿತು. ಒಂದೇ ಸಲ ಸಿಕ್ಕ ಅವಕಾಶ, ಮಾದರಿಗಳೂ ಕಡಿಮೆ. ಆದ್ದರಿಂದ ಇದೊಂದೇ ಪುರಾವೆ ಸಾಕು ಅಂತ ನಾನು ಹೇಳುವುದಿಲ್ಲ.

ಅಂದ ಹಾಗೆ, ಈ ರೈಟ್ ತಿಮಿಂಗಿಲವನ್ನು "ಬಲ ತಿಮಿಂಗಿಲ" ಅಂತ ಅನುವಾದ ಮಾಡಿದವರನ್ನು ನೋಡಿದ್ದೇನೆ. ಬೇಟೆಗೆ ಸರಿಯಾದದ್ದು ಎಂಬ ಅರ್ಥದಲ್ಲಿ ಆ ಹೆಸರು ಬಂತು ಅನ್ನುತ್ತಾರೆ. ಎಡಬಲದ ಮಾತಲ್ಲ.

ಕಾಮತ್, ಮಡಗಾಂವ್:
ನವರಾತ್ರಿಯಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೆ ಡಿಜೆ ಹಾಕುತ್ತಾರೆ. ಅಮ್ಮನಿಗೆ ಬಿಪಿ. ಯಾರಿಗೆ ದೂರು ಕೊಡಬೇಕು ಅಂತ ಗೊತ್ತಿದ್ದರೆ ಹೇಳಿ. ಮತ್ತೆ, ನಾವು ಕೊಂಕಣಿಯಲ್ಲಿ ದೇವಮಾಸೊ ಅನ್ನುತ್ತೇವೆ, ಮರಾಠಿಯಲ್ಲೂ ದೇವಮಾಸಾ. ದೇವರ ಮೀನು. ಕನ್ನಡಕ್ಕೆ ತೆಗೆದುಕೊಳ್ಳಬಾರದಾ?

ದೇಶಪಾಂಡೆ, ಪುಣೆ:
ಮೀನೇ ಅಲ್ಲದ್ದಕ್ಕೆ ಮೀನು, ಅದೂ ಎರವಲು. ಬೇಡ.

ಭಟ್, ಮಾಟುಂಗಾ:
ತಿಮಿಂಗಿಲ ಏನು ನಿಮ್ಮ ಮನೆ ಹಿತ್ತಿಲಲ್ಲಿ ಬೆಳೆದದ್ದಾ? ತಿಮಿ ಎಂಬ ದೊಡ್ಡ ಮೀನನ್ನು ಗಿಲ, ಅಂದರೆ ನುಂಗುವುದು. ಇಡಿಯಾಗಿ ಸಂಸ್ಕೃತ. ಸುಮಾ ಅವರೇ, ನನ್ನ ಸಲಹೆ ಅಲ್ಲೇ ಇದೆ: ನುಂಗು. ದಾದರಿನಲ್ಲಿ ಫಾಸ್ಟ್ ಗಾಡಿ ಹೋಗುವಾಗ ಅನೌನ್ಸ್‌ಮೆಂಟ್ ಏನಾಗುತ್ತದೆ? ಗಾಡಿಯ ಸದ್ದು ಅದನ್ನು ನುಂಗುತ್ತದೆ. "ಹಡಗಿನ ಸದ್ದು ತಿಮಿಂಗಿಲದ ಕೂಗನ್ನು ನುಂಗುತ್ತದೆ." ಮಕ್ಕಳಿಗೂ ಗೊತ್ತಾಗುತ್ತದೆ. "ಮರೆಮಾಚುವಿಕೆ" ಮಾತ್ರ ಹಾಕಬೇಡಿ. ಮರೆಮಾಚುವುದು ಬೇಕೆಂದೇ ಮಾಡುವ ಕೆಲಸ, ಹಡಗು ಏನನ್ನೂ ಬಚ್ಚಿಡುತ್ತಿಲ್ಲ.

ನಾಗವೇಣಿ, ಪಣಜಿ:
ನುಂಗಿದರೆ ಕೂಗೇ ಇಲ್ಲವಾಯಿತು ಅನ್ನಿಸುತ್ತದೆ ಅಲ್ವಾ? ಅದು ಇನ್ನೂ ನೀರಿನಲ್ಲಿ ಇದೆ, ಕಿವಿ ಹೆಕ್ಕಲಾರದು, ಅಷ್ಟೇ. "ಗದ್ದಲದಲ್ಲಿ ಕೂಗು ಅಡಗಿಹೋಗುತ್ತದೆ" ನನಗೆ ಹೆಚ್ಚು ಸರಿ ಕಾಣುತ್ತದೆ. ಫ್ಲೆಕ್ಸಿಗೆ ನುಂಗು ಓಡುತ್ತದೆ, ಪಾಠದ ಪುಸ್ತಕಕ್ಕೆ ನಾನು ಒಪ್ಪುವುದಿಲ್ಲ.

ಇನ್ನು ವಲಸೆ. ಬೇರೆ ಕಡೆಯ ಗೂನುಬೆನ್ನಿನವು ಮೇಯಲು ಧ್ರುವದ ಕಡೆಗೂ ಮರಿ ಹಾಕಲು ಬೆಚ್ಚಗಿನ ನೀರಿಗೂ ಹೋಗಿ ಬರುತ್ತವೆ. ನಮ್ಮ ಅರಬ್ಬಿ ಸಮುದ್ರದವು ಹಾಗೆ ಹೋಗುವುದಿಲ್ಲ, ವರ್ಷವಿಡೀ ಇಲ್ಲೇ ಇರುತ್ತವೆ. ಸುಮ್ನೆ ಒಂದೇ ಕಡೆ ಕೂತಿರುತ್ತವೆ ಅಂತಲೂ ಅಲ್ಲ. 2017ರಲ್ಲಿ ಒಮಾನಿನಲ್ಲಿ ಉಪಗ್ರಹದ ಟ್ಯಾಗ್ ಹಾಕಿದ ಲುಬಾನ್ ಎಂಬ ಹೆಣ್ಣು ಸಮುದ್ರ ದಾಟಿ ನಮ್ಮ ಪಶ್ಚಿಮ ಕರಾವಳಿಯ ಕಡೆಗೆ ಬಂದು, ಆಮೇಲೆ ಹಿಂದಿರುಗಿತು. ಪರ್ಷಿಯನ್ ಕೊಲ್ಲಿಗೆ ಹೋಗುವ ಹಡಗುಗಳೂ ಅದೇ ನೀರಿನಲ್ಲಿ ಓಡಾಡುತ್ತವೆ. ಸದ್ದಿನಿಂದ ದಾರಿ ತಪ್ಪುತ್ತವೆ ಅನ್ನುವ ಮಾತನ್ನಂತೂ ತೆಗೆದುಬಿಡಿ.

ಸುಮಾ, ಡೊಂಬಿವಿಲಿ:
ಉಪಕಾರ ಆಯಿತು. ಎಕೋಲೊಕೇಶನ್ ಸಾಲು ಡಾಲ್ಫಿನ್ ಬೋರ್ಡಿಗೆ ಹೋಯಿತು, ಅಲ್ಲಿ ಪದವೇ ಇಲ್ಲದೆ "ಕ್ಲಿಕ್ ಮಾಡಿ, ಮಾರ್ದನಿ ಕೇಳಿ ಮೀನು ಹುಡುಕುತ್ತದೆ" ಅಂತ ಬರೆದೆ. ತಿಮಿಂಗಿಲಕ್ಕೆ ನುಂಗು ಹಾಕಿದ್ದೇನೆ, ನಾಗವೇಣಿ ಮೇಡಂ ಬೈಯಬೇಡಿ. ವಲಸೆಯ ಬಾಣದ ಗುರುತು ತೆಗೆದೆ. ಈಗ ಅಂಗಡಿಯವನು ಫೋನ್ ಮಾಡುತ್ತಿದ್ದಾನೆ: ಒಂದು ಬೋರ್ಡಿನಲ್ಲಿ ತಿಮಿಂಗಿಲ, ಇನ್ನೊಂದರಲ್ಲಿ ತಿಮಿಂಗಲ ಇದೆಯಂತೆ. ಯಾವುದು ಇಡಲಿ? ಅರ್ಧ ಗಂಟೆಯೊಳಗೆ ಹೇಳಿ.

ದೇಶಪಾಂಡೆ, ಪುಣೆ:
ಮೊದಲು ನನ್ನ "ಮಾರ್ದನಿಯರಿವು" ಯಾಕೆ ಬಿಟ್ಟಿರಿ ಅಂತ ಹೇಳಿ.