ಪದಚರ್ಚೆ: ಬಿಪಿ ‘ನಿಯಂತ್ರಣ’ವೋ ‘ಹತೋಟಿ’ಯೋ? ಪ್ರಬಂಧದ ಪತ್ರಕ್ಕೆ ಬೇಕಿದೆ

ಶೋಭಾ, ಹುಬ್ಬಳ್ಳಿ:

ಬಳಗದ ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್.ಡಬ್ಲ್ಯು. ಎರಡನೇ ವರ್ಷದಲ್ಲಿದ್ದೇನೆ. ಪ್ರಬಂಧವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ವಿಷಯ ಒಪ್ಪಿಸಲು ಗೈಡ್‌ಗೆ ಕೊಡಬೇಕಾದ ಪತ್ರ ಹೀಗೆ ಶುರುವಾಗುತ್ತದೆ:

“ಮಾನ್ಯ ಸರ್, ‘ಹುಬ್ಬಳ್ಳಿಯ ಕೊಳೆಗೇರಿ ನಿವಾಸಿಗಳಲ್ಲಿ ಅಧಿಕ ರಕ್ತದೊತ್ತಡದ ನಿಯಂತ್ರಣ’ ಎಂಬ ವಿಷಯದ ಮೇಲೆ ಪ್ರಬಂಧ ಬರೆಯಬೇಕೆಂದಿದ್ದೇನೆ. 30 ವರ್ಷ ದಾಟಿದವರ ಮನೆಗೆ ಹೋಗಿ ಬಿಪಿ ಅಳೆದು, ಎಷ್ಟು ಜನರಲ್ಲಿ ಅದು ನಿಯಂತ್ರಣದಲ್ಲಿದೆ ಎಂದು ತಿಳಿಯುವುದು ಉದ್ದೇಶ. ತಮ್ಮ ಒಪ್ಪಿಗೆ ಕೋರುತ್ತೇನೆ.”

ಗೆಳತಿಯೊಬ್ಬಳು ಓದಿ, “ಇದು ಮಲೇರಿಯಾ ನಿಯಂತ್ರಣ ಅಂದ ಹಾಗೆ ಕೇಳುತ್ತದೆ, ಸರ್ಕಾರಿ ಕಾರ್ಯಕ್ರಮದ ಹೆಸರು ಅನಿಸುತ್ತದೆ” ಅಂದಳು. ನನಗೆ ಬೇಕಾದ್ದು ಕಾರ್ಯಕ್ರಮ ಅಲ್ಲ. ಒಬ್ಬೊಬ್ಬರ ಬಿಪಿ ಎಷ್ಟಿದೆ ಅನ್ನೋದು. ‘ಹತೋಟಿ’ ಅಂತ ಹಾಕಿದರೆ ಸರಿಯಾಗುತ್ತದಾ? ಪ್ರಶ್ನಾವಳಿಯಲ್ಲಿ ಜನರನ್ನು ಏನಂತ ಕೇಳಬೇಕು ಅನ್ನುವುದಕ್ಕೂ ಸಲಹೆ ಕೊಡಿ.

ವಾಸುದೇವ ರಾವ್, ಮೈಸೂರು:

ಶೋಭಾ ಅವರೇ, ‘ಹತೋಟಿ’ಯೇ ಸರಿ. ನಿಯಂತ್ರಣ ಅಂದರೆ ಮಾಡುವ ಕೆಲಸ, ಹತೋಟಿ ಅಂದರೆ ಅದರಿಂದ ಬಂದ ಸ್ಥಿತಿ. ಅಧಿಕಾರಿ ನಿಯಂತ್ರಣ ಮಾಡುತ್ತಾನೆ, ಬೆಂಕಿ ಹತೋಟಿಗೆ ಬರುತ್ತದೆ. ಮೇಲಾಗಿ ಹತೋಟಿ ಅಚ್ಚಗನ್ನಡ. ಜನರ ಜೊತೆ ಮಾತಾಡುವಾಗ ‘ಅಧಿಕ’ವನ್ನು ಮಾತ್ರ ಬಿಡಬೇಡಿ. ರಕ್ತದೊತ್ತಡ ಎಲ್ಲರಿಗೂ ಇರುತ್ತದೆ, ಅಲ್ವಾ? “ನಿಮಗೆ ಅಧಿಕ ರಕ್ತದೊತ್ತಡ ಇದೆಯೇ?” ಎಂದು ಕೇಳಿದರೆ ಗೊಂದಲಕ್ಕೆ ಜಾಗವೇ ಇಲ್ಲ.

ಸುನಂದಾ, ಬೆಳಗಾವಿ:

ರಾಯರೇ, ಹತೋಟಿ ಅಚ್ಚಗನ್ನಡ ಎಂದು ಅಷ್ಟು ಖಡಾಖಂಡಿತವಾಗಿ ಹೇಳಲು ನನಗೆ ಧೈರ್ಯ ಇಲ್ಲ. ಮರಾಠಿಯಲ್ಲಿ ‘ಹಾತೋಟಿ’ ಅಂದರೆ ಕೈಚಳಕ. ಎರಡಕ್ಕೂ ನಂಟು ಇರಬಹುದು. ಇನ್ನು “ನಿಯಂತ್ರಣದಲ್ಲಿದೆ” ಎಂದು ಸ್ಥಿತಿಗೂ ದಿನಾ ಹೇಳುತ್ತೇವಲ್ಲ? ‘-ದಲ್ಲಿದೆ’ ಸೇರಿದ ಕೂಡಲೇ ಎರಡೂ ಪದ ಒಂದೇ ಕೆಲಸ ಮಾಡುತ್ತವೆ. ತಲೆಬರಹದಲ್ಲಿ ಒಂಟಿಯಾಗಿ ನಿಂತಾಗ ಮಾತ್ರ ನಿಯಂತ್ರಣ ಕಾರ್ಯಕ್ರಮದಂತೆ ಕಾಣುತ್ತದೆ.

ರಾಘವೇಂದ್ರ, ಶಿವಮೊಗ್ಗ:

ಬಿಪಿ ಹತೋಟಿಗೆ ತರುವುದು ಹೇಗೆ ಎಂದು ಕೇಳಿದ್ದೀರಿ. ನಮ್ಮ ಅಮ್ಮನದು ಹೇಳುತ್ತೇನೆ. ಅವರಿಗೆ ಬಿಪಿ ಬಂದಿತ್ತು. ಒಂದು ವರ್ಷ ಮಾತ್ರೆ ತಿಂದರು. ಉಪ್ಪಿನಕಾಯಿ, ಹಪ್ಪಳ ಎಲ್ಲ ಬಿಟ್ಟರು. ಈಗ ಬಿಪಿ ಹೋಗಿದೆ. ಮಾತ್ರೆಯನ್ನೂ ಬಿಟ್ಟಿದ್ದಾರೆ. ಮೊನ್ನೆ ಮನೆಯ ಮೆಷಿನ್‌ನಲ್ಲಿ ನೋಡಿದಾಗ 132/84 ಇತ್ತು. ಸ್ಲಂ ಜನರಿಗೂ ಉಪ್ಪಿನ ಬಗ್ಗೆ ತಿಳಿ ಹೇಳಿದರೆ ಸಾಕು.

ಡಾ. ಮಂಜುಳಾ, ದಾವಣಗೆರೆ:

ಶೋಭಾ, ನಾನು ಸಮುದಾಯ ಆರೋಗ್ಯ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಪದ ಯಾವುದನ್ನಾದರೂ ಹಾಕಮ್ಮಾ. ಆದರೆ “ಎಷ್ಟು ಜನರಲ್ಲಿ” ಎಂದು ಬರೆದಿದ್ದೀಯಲ್ಲ, ಅಲ್ಲೇ ಪತ್ರ ಸಡಿಲವಾಗಿದೆ. ಯಾರ ಪೈಕಿ ಎಷ್ಟು ಜನ? ಗೈಡ್ ಮೊದಲು ಕೇಳುವುದು ಇದನ್ನೇ.

ಲೆಕ್ಕಕ್ಕೆ ಸುಮ್ನೆ ಹೀಗೆ ಇಟ್ಟುಕೋ. ಬಿಪಿ ಇರುವವರು 200 ಜನ. ಅವರಲ್ಲಿ ತಮಗೆ ಬಿಪಿ ಇದೆ ಎಂದು ಗೊತ್ತಿರುವವರು 120. ಮಾತ್ರೆ ತಿನ್ನುತ್ತಿರುವವರು 80. ಮಾತ್ರೆ ತಿಂದು 140/90ಕ್ಕಿಂತ ಕೆಳಗೆ ಬಂದವರು 40. ಈಗ ಹತೋಟಿ ಎಷ್ಟು? ಮಾತ್ರೆ ತಿನ್ನುವ 80 ಜನರ ಪೈಕಿ ನೋಡಿದರೆ 50 ಪರ್ಸೆಂಟ್. ಬಿಪಿ ಇರುವ ಎಲ್ಲ 200 ಜನರ ಪೈಕಿ ನೋಡಿದರೆ 20 ಪರ್ಸೆಂಟ್. ಎರಡನ್ನೂ ಜನ ‘ನಿಯಂತ್ರಣ’ ಎಂದೇ ಬರೆಯುತ್ತಾರೆ. ಮೊದಲನೆಯದು ಔಷಧಿ ಮತ್ತು ಡಾಕ್ಟರ್ ಕೆಲಸ ಹೇಗಿದೆ ಎಂದು ಹೇಳುತ್ತದೆ. ಎರಡನೆಯದು ಇಡೀ ಬಡಾವಣೆಯ ಗತಿ ಏನು ಎಂದು ಹೇಳುತ್ತದೆ.

ಇದರ ಮೇಲೆ ನಿನ್ನ ದುಡಿಮೆಯೂ ನಿಂತಿದೆ. ಸ್ಯಾಂಪಲ್‌ಗೆ ಎಷ್ಟು ಜನ ಬೇಕು (n) ಎನ್ನುವುದಕ್ಕೆ ನಮ್ಮ ಕಡೆ ಹೆಚ್ಚಾಗಿ ಬಳಸುವ ಸೂತ್ರ ಇದು. p ಅಂದರೆ ಹತೋಟಿಯಲ್ಲಿರುವವರು ಎಷ್ಟು ಪರ್ಸೆಂಟ್ ಎಂಬ ಅಂದಾಜು, q ಅಂದರೆ ನೂರರಲ್ಲಿ ಉಳಿದದ್ದು, d ಅಂದರೆ ಉತ್ತರ ಎಷ್ಟು ಪರ್ಸೆಂಟ್ ಆಚೀಚೆ ಆದರೂ ನಡೆಯುತ್ತದೆ ಎನ್ನುವುದು:

```
n = 4pq / d²
p = 20, d = 5 :  4 × 20 × 80 / 25 = 256
p = 50, d = 5 :  4 × 50 × 50 / 25 = 400
```

ಬಿಪಿ ಇರುವವರೆಲ್ಲರ ಪೈಕಿ ಅಂದರೆ ಬಿಪಿ ಇರುವ 256 ಜನ ಸಿಗಬೇಕು. ನಾಲ್ಕು ವಯಸ್ಕರಲ್ಲಿ ಒಬ್ಬರಿಗೆ ಬಿಪಿ ಇದೆ ಎಂದು ಹಿಡಿದರೆ ಸುಮಾರು 1,000 ಜನರಿಗೆ ಬಿಪಿ ನೋಡಬೇಕು. ಮಾತ್ರೆ ತಿನ್ನುವವರ ಪೈಕಿ ಅಂದರೆ ಮಾತ್ರೆ ತಿನ್ನುವ 400 ಜನ ಬೇಕು. ಮೇಲಿನ ಲೆಕ್ಕದಂತೆ 200ಕ್ಕೆ 80 ಜನ ಮಾತ್ರೆ ತಿನ್ನುವವರಾದರೆ, ಬಿಪಿ ಇರುವ 1,000 ಜನ ಸಿಗಬೇಕು, ಅದಕ್ಕೆ 4,000 ಜನರಿಗೆ ಬಿಪಿ ನೋಡಬೇಕಾಗುತ್ತದೆ. ಒಬ್ಬಳ ಕೈಲಿ ಆಗುವ ಕೆಲಸ ಅಲ್ಲ. ಆಗ ಎಲ್ಲರೂ ಕ್ಲಿನಿಕ್‌ನ ರಿಜಿಸ್ಟರ್ ಹಿಡಿಯುತ್ತಾರೆ. ಆದರೆ ಬಿಪಿ ಇದೆ ಎಂದೇ ಗೊತ್ತಿಲ್ಲದವರ ಹೆಸರು ರಿಜಿಸ್ಟರ್‌ನಲ್ಲಿ ಎಲ್ಲಿರುತ್ತದೆ? ಹಾಗಾಗಿ ನಿನ್ನ ಪತ್ರಕ್ಕೆ ‘ಬಿಪಿ ಇರುವವರೆಲ್ಲರ ಪೈಕಿ’ ಎನ್ನುವುದೇ ಸರಿ ಎಂದು ನನಗನಿಸುತ್ತದೆ.

ಅಳೆಯುವ ಕ್ರಮವನ್ನೂ ಪತ್ರದಲ್ಲಿ ಒಂದು ಸಾಲು ಬರೆ. ಐದು ನಿಮಿಷ ಕೂರಿಸಿ, ಮೂರು ಸಲ ನೋಡಿ, ಮೊದಲನೆಯದನ್ನು ಬಿಟ್ಟು ಉಳಿದ ಎರಡರ ಸರಾಸರಿ ತಗೋ. ಒಬ್ಬರಿಗೆ 150/92, 140/88, 134/84 ಬಂತು ಎಂದುಕೋ. ಸರಾಸರಿ 137/86. ಮಾತ್ರೆ ತಿನ್ನುವವರಾದರೆ ಹತೋಟಿಯಲ್ಲಿದೆ. ಒಂದೇ ಸಲ ನೋಡಿ ಎದ್ದಿದ್ದರೆ ಅವರನ್ನು ಹತೋಟಿ ತಪ್ಪಿದವರ ಪಟ್ಟಿಗೆ ಹಾಕುತ್ತಿದ್ದೆ. ಚಿಕ್ಕ ಮನೆಗಳಲ್ಲಿ ಕುರ್ಚಿ ಇರುವುದಿಲ್ಲ. ಮಡಚುವ ಕುರ್ಚಿ ಒಂದನ್ನು ಒಯ್ಯಬೇಕು. ಬೆನ್ನಿಗೆ ಆಸರೆ ಇಲ್ಲದೆ, ಕೈ ಜೋತುಬಿಟ್ಟು ಅಳೆದರೆ ಬಿಪಿ ಜಾಸ್ತಿ ತೋರಿಸುತ್ತದೆ. ಯಾರಿಗಾದರೂ 180/110 ದಾಟಿದ್ದರೆ ಬರೆದುಕೊಂಡು ಸುಮ್ಮನೆ ಬರಬಾರದು. ಅದೇ ದಿನ ಡಾಕ್ಟರ್ ಹತ್ತಿರ ಕಳಿಸಬೇಕು.

ರಾಘವೇಂದ್ರ ಅವರೇ, ಶೋಭಾ ಕೇಳಿದ್ದು ಬಿಪಿ ಇಳಿಸುವ ದಾರಿ ಅಲ್ಲ. ಆದರೆ ನಿಮ್ಮ ತಾಯಿಯವರ ವಿಷಯ ಹೇಳಿದ್ದು ಒಳ್ಳೆಯದಾಯಿತು. ಸಮೀಕ್ಷೆಗಳಲ್ಲಿ ಬಿಪಿ ಇರುವವರು ಅಂದರೆ ಸಾಮಾನ್ಯವಾಗಿ 140/90 ಅಥವಾ ಮೇಲೆ ಇರುವವರು, ಇಲ್ಲವೇ ಮಾತ್ರೆ ತಿನ್ನುತ್ತಿರುವವರು. ನಿಮ್ಮ ತಾಯಿ ಎರಡರಲ್ಲೂ ಇಲ್ಲ. ಲೆಕ್ಕದಿಂದಲೇ ಹೊರಗೆ ಹೋಗುತ್ತಾರೆ. ಬಿಪಿ ‘ಹೋಗಿದೆ’ ಎಂದು ಮಾತ್ರ ತಿಳಿಯಬೇಡಿ. ದಯವಿಟ್ಟು ಅವರ ಡಾಕ್ಟರ್‌ಗೆ ತೋರಿಸಿ, ಆಗಾಗ ಅಳೆಸುತ್ತಿರಿ.

ಫರ್ಜಾನಾ, ಕಲಬುರಗಿ:

ನಾನು ಆಶಾ ಕಾರ್ಯಕರ್ತೆ. ಮನೆಮನೆಗೆ ಹೋಗಿ ಬಿಪಿ ಕೇಳುವುದು ನನ್ನ ಕೆಲಸ. ರಾಯರು ಹೇಳಿದ ಹಾಗೆ “ಅಧಿಕ ರಕ್ತದೊತ್ತಡ” ಅಂದರೆ ನಮ್ಮ ಓಣಿಯಲ್ಲಿ ಯಾರೂ ತಿಳಿಯುವುದಿಲ್ಲ ಸರ್. ರಕ್ತ ಅನ್ನುವುದು ಮಾತ್ರ ಕೇಳಿಸಿ, “ರಕ್ತ ತೆಗಿತೀರೇನ್ರಿ” ಅಂತ ಹೆದರುತ್ತಾರೆ. ‘ಹೈಪರ್‌ಟೆನ್ಷನ್’ ಅಂದರೆ ಇನ್ನೂ ಕಷ್ಟ. “ಟೆನ್ಷನ್ ಐತ್ರೀ, ಮಗಳ ಮದುವಿ ಆಗಬೇಕು” ಅಂತ ಶುರು ಮಾಡುತ್ತಾರೆ. ‘ಬಿಪಿ’ ಅಂದರೆ ಎಲ್ಲರಿಗೂ ಗೊತ್ತು.

ಆದರೆ “ನಿಮಗ ಬಿಪಿ ಐತೇನ್ರಿ?” ಅಂತಲೂ ಕೇಳಬೇಡಿ. ದಿನಾ ಗುಳಿಗಿ ನುಂಗುವವರೇ “ಇತ್ತ್ರೀ, ಈಗ ಇಲ್ಲ” ಅನ್ನುತ್ತಾರೆ. ಹೋದ ಸಲ ನೋಡಿದಾಗ ನಾರ್ಮಲ್ ಅಂತ ಹೇಳಿರುತ್ತಾರಲ್ಲ, ಅದಕ್ಕೆ. ನಾನು ಎರಡು ಪ್ರಶ್ನೆ ಮಾಡುತ್ತೇನೆ. “ಯಾವಾಗರೆ ಡಾಕ್ಟರ್ ಅಥವಾ ನರ್ಸ್ ನಿಮಗ ಬಿಪಿ ಜಾಸ್ತಿ ಐತಿ ಅಂತ ಹೇಳಿದ್ರೇನ್ರಿ?” “ಈ ಎರಡು ವಾರದಾಗ ಬಿಪಿ ಗುಳಿಗಿ ತಗೊಂಡೀರೇನ್ರಿ?” ಎರಡನೆಯದಕ್ಕೆ ಹೌದು ಅಂದರೆ ಗುಳಿಗಿ ಪಟ್ಟಿ ತರಿಸಿ ನೋಡುತ್ತೇನೆ. ಒಮ್ಮೊಮ್ಮೆ ಅದು ಶುಗರ್‌ದು ಇರುತ್ತದೆ.

ಇನ್ನೊಂದು ಮಾತು. ಒಪ್ಪಿಗೆ ಪತ್ರದಲ್ಲಿ ‘ಕೊಳೆಗೇರಿ ನಿವಾಸಿ’ ಅಂತ ಬರೆದು ಅವರ ಕೈಗೇ ಕೊಟ್ಟು ಸಹಿ ಕೇಳಬೇಡಿ ಅಕ್ಕಾ. ಮನಸ್ಸಿಗೆ ಹತ್ತುತ್ತದೆ. ಅವರು ತಮ್ಮ ಜಾಗಕ್ಕೆ ಕಾಲೊನಿ ಅನ್ನುತ್ತಾರೆ, ಓಣಿ ಅನ್ನುತ್ತಾರೆ, ಇಲ್ಲವೇ ಅದರ ಹೆಸರನ್ನೇ ಹೇಳುತ್ತಾರೆ.

ವಾಸುದೇವ ರಾವ್:

ಫರ್ಜಾನಾ ಅವರ ಪ್ರಶ್ನೆಗಳು ನನ್ನದಕ್ಕಿಂತ ಎಷ್ಟೋ ಚೆನ್ನಾಗಿವೆ. ಆದರೆ ತಲೆಬರಹದಲ್ಲಿ ಕೊಳೆಗೇರಿ ಬಿಟ್ಟರೆ ಎಲ್ಲಿಯ ಜನ ಎಂದು ಓದುವವರಿಗೆ ತಿಳಿಯುವುದು ಹೇಗೆ? ನಮ್ಮ ರಾಜ್ಯದ ಕಾಯ್ದೆಯೇ ‘ಕೊಳಚೆ ಪ್ರದೇಶ’ ಎನ್ನುತ್ತದೆ.

ಸುನಂದಾ:

ಕಾಯ್ದೆ 1973ರದು. ಅದರ ಪ್ರಕಾರ ಸರ್ಕಾರ ಘೋಷಿಸಿದ ಜಾಗ ಒಂದು ಬಗೆ. 2011ರ ಜನಗಣತಿ ಇನ್ನೊಂದು ದಾರಿ ಹಿಡಿಯಿತು. ಘೋಷಣೆ ಆಗಿರದಿದ್ದರೂ, ಕನಿಷ್ಠ 300 ಜನ ಅಥವಾ 60–70 ಮನೆಗಳು ಇಕ್ಕಟ್ಟಾಗಿ, ನೀರು ಚರಂಡಿ ಸರಿಯಿಲ್ಲದೆ ಇದ್ದರೆ ಅದನ್ನೂ ಎಣಿಸಿತು. ಶೋಭಾ ಯಾವುದನ್ನು ಹಿಡಿಯುತ್ತಾರೆ ಎಂದು ಪತ್ರದಲ್ಲಿ ಹೇಳಲೇಬೇಕು. ಘೋಷಿತ ಜಾಗಗಳ ಪಟ್ಟಿ ಸಿಗುತ್ತದೆ, ಆದರೆ ತೀರಾ ಹೊಸ ಗುಡಿಸಲುಗಳು ಅದರಲ್ಲಿ ಇರುವುದಿಲ್ಲ.

ಶೋಭಾ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪತ್ರವನ್ನು ಹೀಗೆ ತಿದ್ದಿದ್ದೇನೆ:

“ಮಾನ್ಯ ಸರ್, ‘ಹುಬ್ಬಳ್ಳಿಯ ಘೋಷಿತ ಕೊಳೆಗೇರಿಗಳಲ್ಲಿ ಬಿಪಿ ಇರುವವರ ಪೈಕಿ ಎಷ್ಟು ಜನರ ಬಿಪಿ ಹತೋಟಿಯಲ್ಲಿದೆ: ಒಂದು ಅಧ್ಯಯನ’ ಎಂಬ ವಿಷಯಕ್ಕೆ ತಮ್ಮ ಒಪ್ಪಿಗೆ ಕೋರುತ್ತೇನೆ. ಬಿಪಿ 140/90 ಅಥವಾ ಮೇಲಿರುವವರು ಮತ್ತು ಕಳೆದ ಎರಡು ವಾರದಲ್ಲಿ ಬಿಪಿ ಮಾತ್ರೆ ತೆಗೆದುಕೊಂಡವರು ಲೆಕ್ಕಕ್ಕೆ ಬರುತ್ತಾರೆ. ಮಾತ್ರೆ ತೆಗೆದುಕೊಂಡು 140/90ಕ್ಕಿಂತ ಕೆಳಗಿದ್ದರೆ ಹತೋಟಿಯಲ್ಲಿದೆ ಎಂದು ಎಣಿಸುತ್ತೇನೆ. ಬಿಪಿ ಇರುವ 256 ಜನ ಸಿಗುವವರೆಗೆ ಮನೆಮನೆಗೆ ಹೋಗುತ್ತೇನೆ. ಗಂಡಸರು ಹಗಲು ಕೆಲಸಕ್ಕೆ ಹೋಗಿರುವುದರಿಂದ ಸಂಜೆ ಮತ್ತು ಭಾನುವಾರವೂ ಹೋಗುತ್ತೇನೆ. ಒಪ್ಪಿಗೆ ಪತ್ರದಲ್ಲಿ ಆಯಾ ಬಡಾವಣೆಯ ಹೆಸರನ್ನಷ್ಟೇ ಬರೆಯುತ್ತೇನೆ.”

ಒಂದು ಮಾತ್ರ ಬಗೆಹರಿದಿಲ್ಲ. ರಾಘವೇಂದ್ರ ಅವರ ತಾಯಿಯಂಥವರನ್ನು ಏನು ಮಾಡಲಿ? ಬಿಪಿ ಇದೆ ಎಂದು ಡಾಕ್ಟರ್ ಹೇಳಿದ್ದಾರೆ, ಮಾತ್ರೆ ಬಿಟ್ಟಿದ್ದಾರೆ, ಇವತ್ತು ಕಡಿಮೆ ಇದೆ. ಅವರಿಗೆ ಏನೆಂದು ಹೆಸರು ಕೊಡಲಿ?

ಡಾ. ಮಂಜುಳಾ:

ಪತ್ರ ಈಗ ಗಟ್ಟಿಯಾಗಿದೆ. ಒಂದು ತಿದ್ದು: 256 ಕನಿಷ್ಠ. ಒಂದೇ ಬಡಾವಣೆಯ ಜನ ಒಂದೇ ಥರ ಇರುತ್ತಾರೆ, ಹಾಗಾಗಿ ಎರಡು ಮೂರು ಜಾಗ ಮಾತ್ರ ಆರಿಸಿದರೆ ಸಂಖ್ಯೆ ಏರಿಸಬೇಕಾಗುತ್ತದೆ. ಗೈಡ್ ಹತ್ತಿರ ಕೇಳು. ಮಾತ್ರೆ ಬಿಟ್ಟು ಕಡಿಮೆ ಇರುವವರನ್ನು ನಾನಾದರೆ ಮುಖ್ಯ ಲೆಕ್ಕಕ್ಕೆ ಸೇರಿಸದೆ, ‘ಮಾತ್ರೆ ನಿಲ್ಲಿಸಿದವರು’ ಎಂದು ಬೇರೆ ಕೋಷ್ಟಕ ಮಾಡುತ್ತೇನೆ.

ಫರ್ಜಾನಾ:

ಡಾಕ್ಟರ್ ಮೇಡಂ, ಬೇರೆ ಕೋಷ್ಟಕಕ್ಕೆ ಹಾಕಿದರೆ ಅವರನ್ನು ಯಾರೂ ಓದುವುದಿಲ್ಲ. ನನ್ನ ಓಣಿಯಲ್ಲಿ ಆಮೇಲೆ ಪಾರ್ಶ್ವವಾಯು ಹೊಡೆದವರಲ್ಲಿ ಇಂಥವರೂ ಇದ್ದಾರೆ. ಅವರನ್ನೂ ಬಿಪಿ ಇರುವವರು ಅಂತಲೇ ಎಣಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ‘ನಿಲ್ಲಿಸಿದವರು’ ಅನ್ನುವ ಬದಲು ‘ಮಾತ್ರೆ ತಪ್ಪಿದವರು’ ಅಂತ ಬರೆಯಿರಿ. ಎಲ್ಲರೂ ಬೇಕಂತ ನಿಲ್ಲಿಸಿರುವುದಿಲ್ಲ. ಕೂಲಿ ಬಿಟ್ಟು ಗುಳಿಗಿಗೆ ಸಾಲು ನಿಲ್ಲಲು ಆಗದೆ ತಪ್ಪಿರುತ್ತದೆ. ಯಾಕೆ ತಪ್ಪಿತು ಅಂತ ಕೇಳಲು ಪ್ರಶ್ನಾವಳಿಯಲ್ಲಿ ಒಂದು ಖಾಲಿ ಸಾಲು ಇಡಿ.