ಪದಚರ್ಚೆ: ಬೆಳ್ಳಿಗೆ ಕಿಲುಬು ಹಿಡಿಯುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಹಾಸನದಿಂದ ಬರೆಯುತ್ತಿದ್ದೇನೆ.

ಒಂದು ಪದಕ್ಕೋಸ್ಕರ ನಮ್ಮ ಮನೆಯಲ್ಲಿ ಮಾತು ಬಿಡುವ ಹಂತ ಬಂದಿದೆ. ತಾತನ ಕಾಲದ ಪೂಜೆ ಸಾಮಾನು ಚಿಕ್ಕಮಗಳೂರಿನ ಮನೆಯಲ್ಲಿದೆ. ಈಗ ಪಾಲು ಮಾಡಬೇಕು. ಚಿಕ್ಕಪ್ಪನ ಮಗ ಅಲ್ಲಿಂದ ಒಂದೊಂದರ ಫೋಟೊ ತೆಗೆದು ಕಳಿಸುತ್ತಿದ್ದಾನೆ. ಪಟ್ಟಿ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ.

ಅದರಲ್ಲೊಂದು ಹರಿವಾಣ. ಸುಮಾರು ಒಂದಡಿ ಅಗಲ, ಅಂಚಿಗೆ ಬಳ್ಳಿಯ ಉಬ್ಬು ಕೆಲಸ, ಎರಡು ಕಡೆ ಹಿಡಿ. ಅದರ ಮುಂದೆ ನಾನು ‘ಕಪ್ಪಾಗಿದೆ’ ಅಂತ ಬರೆದೆ. ಅತ್ತೆ ಅದನ್ನು ಓದಿ, "ಕಪ್ಪಾಗಿದೆ ಅಲ್ಲ ಕಣೋ, ಕಿಲುಬಿದೆ ಅಂತ ಬರಿ. ಉಜ್ಜಿದವಳು ನಾನು, ನಂಗೆ ಗೊತ್ತಿಲ್ವಾ?" ಅಂದರು. ಚಿಕ್ಕಪ್ಪನಿಗೆ ಸಿಟ್ಟು ಬಂತು. "ಕಿಲುಬೋಕೆ ಅದೇನು ತಾಮ್ರದ ಚೊಂಬಾ? ಗಟ್ಟಿ ಬೆಳ್ಳಿ ಅದು" ಅಂದರು.

ಬೆಳ್ಳಿಗೆ ‘ಕಿಲುಬು’ ಅನ್ನಬಹುದೇ? ಇದು ಮೊದಲ ಪ್ರಶ್ನೆ. ತಾತನ ಪುಸ್ತಕದಲ್ಲಿ "ತಂಬಿಗೆ 1, 24 ರೂ. ತೂಕ" ಅಂತ ಇದೆ. ಇದು ಬೆಲೆಯೋ ತೂಕವೋ? ಇನ್ನೊಂದು, ಮೇಲೆ ಮಾತ್ರ ಬೆಳ್ಳಿ ಇರುವ ಸಾಮಾನಿಗೆ ‘ಮುಲಾಮು’ ಅನ್ನುವುದು ಈಗಲೂ ಬಳಕೆಯಲ್ಲಿದೆಯೇ?

ಬೇಲೂರಿನಿಂದ, ಒಬ್ಬ ನಿವೃತ್ತ ಮೇಷ್ಟ್ರು:

ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು, ಬೆಳ್ಳಿಗೆ ಕಪ್ಪು. ನಮ್ಮ ಅಜ್ಜಿಯರು ಇದನ್ನು ಒಂದು ದಿನವೂ ತಪ್ಪಾಗಿ ಆಡಿದವರಲ್ಲ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಸಾರು ಇಟ್ಟರೆ ಬರುವುದು ಕಿಲುಬು. ಅದು ಹಸಿರು. ಬೆಳ್ಳಿ ಮಾಸುತ್ತದೆ, ಕಂದುತ್ತದೆ, ಕಪ್ಪಾಗುತ್ತದೆ, ಕಿಲುಬುವುದಿಲ್ಲ. ನಿಮ್ಮ ಚಿಕ್ಕಪ್ಪನವರ ಕನ್ನಡ ಸರಿಯಾಗಿದೆ. ಹಸಿರು ಕಂಡಿತು ಅಂದರೆ ಅದು ಬೆಳ್ಳಿಯೇ ಅಲ್ಲ.

ಸಕಲೇಶಪುರದಿಂದ:

ಒಳ್ಳೆ ವಿಷಯ ಎತ್ತಿದ್ದೀರಿ. ನಮ್ಮ ಮನೆ ದೀಪಗಳೂ ಮಳೆಗಾಲದಲ್ಲಿ ಕಪ್ಪಾಗುತ್ತವೆ. ನಾನು ವಿಭೂತಿ ಹಾಕಿ ಉಜ್ಜುತ್ತೇನೆ, ಕೆಲವೊಮ್ಮೆ ಟೂತ್‌ಪೇಸ್ಟು. ನೀವು ಹೇಳಿದ ಮುಲಾಮು ಯಾವ ಅಂಗಡಿಯಲ್ಲಿ ಸಿಗುತ್ತದೆ? ಡಬ್ಬಿಯ ಫೋಟೊ ಇದ್ದರೆ ಹಾಕಿ.

ಹೊಳೆನರಸೀಪುರದಿಂದ:

ಸಕಲೇಶಪುರದ ಅಕ್ಕ, ಅದು ಹಚ್ಚುವ ಮುಲಾಮಲ್ಲ! ಆದರೆ ನೀವು ಎಡವಿದ ಜಾಗ ಚೆನ್ನಾಗಿದೆ. ಇವು ಎರಡು ಬೇರೆ ಪದಗಳು, ಕನ್ನಡಕ್ಕೆ ಬಂದು ಒಂದೇ ರೂಪ ತಾಳಿವೆ. ಗಾಯದ ಮುಲಾಮಿನ ಮೂಲ ಅರಬ್ಬಿಯ ‘ಮರ್ಹಮ್’. ಲೋಹದ ಮುಲಾಮು ಬಂದದ್ದು ‘ಮುಲಮ್ಮಾ’ ಎಂಬುದರಿಂದ, ಅಂದರೆ ಹೊಳಪು ಕೊಟ್ಟದ್ದು. ಎರಡನ್ನೂ ಮೇಲೆ ಸವರುತ್ತಾರಲ್ಲ, ಅದಕ್ಕೇ ನಮ್ಮವರಿಗೆ ಬೇರೆ ಮಾಡುವ ಅಗತ್ಯ ಬೀಳಲಿಲ್ಲ ಅಂತ ನನ್ನ ಊಹೆ. ‘ಗಿಲೀಟು’ ಅನ್ನುವುದೂ ಇದೆ. ಆದರೆ ಅದಕ್ಕೆ ಬೈಗುಳದ ಬಣ್ಣ ಜಾಸ್ತಿ.

ಚಿಕ್ಕಮಗಳೂರಿನಿಂದ:

ನಾನು ಭಾಷೆ ಓದಿದವನಲ್ಲ. ಮೂವತ್ತು ವರ್ಷ ಬೆಳ್ಳಿ ಅಂಗಡಿಯಲ್ಲಿ ಕೂತವನು. ಮೇಷ್ಟ್ರು ಹೇಳಿದ್ದರಲ್ಲಿ ಪದ ಸರಿ, ಕೊನೆಯ ವಾಕ್ಯ ಅಷ್ಟು ಸರಿಯಿಲ್ಲ.

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ. ಮೊದಲು ತೆಳು ಹಳದಿ, ಆಮೇಲೆ ಕಂದು, ನೀಲಿ ನೆರಳು, ಕೊನೆಗೆ ಕಪ್ಪು. ಮುಲಾಮಿನ ತಟ್ಟೆಯ ಮೈಯೂ ಬೆಳ್ಳಿಯೇ ಅಲ್ವಾ? ಅದೂ ಇದೇ ಬಣ್ಣಗಳಲ್ಲಿ ಕಪ್ಪಾಗುತ್ತದೆ. ಆದ್ದರಿಂದ ‘ಕಪ್ಪಾಗಿದೆ, ಹಾಗಾಗಿ ಬೆಳ್ಳಿ’ ಎನ್ನುವ ಮಾತಿಗೆ ಅಂಗಡಿಯಲ್ಲಿ ಬೆಲೆ ಇಲ್ಲ.

ಹಸಿರು ಬರುವುದು ತಾಮ್ರದಿಂದ. ಆದರೆ ನಿಜವಾದ ಬೆಳ್ಳಿ ಸಾಮಾನಿನಲ್ಲೂ ತಾಮ್ರ ಇರುತ್ತದೆ. ಚೊಕ್ಕ ಬೆಳ್ಳಿ ತುಂಬಾ ಮೆತ್ತಗೆ, ಅದಕ್ಕೆ ಬೆರಕೆ ಹಾಕುತ್ತಾರೆ. ನೂರಕ್ಕೆ ಎಂಬತ್ತು ಬೆಳ್ಳಿ ಇರುವ ಹಳೇ ಲೋಟದ ಬೆಸುಗೆಯ ಸಂದಿಯಲ್ಲಿ ಹುಣಸೆಹಣ್ಣು ಉಳಿದುಕೊಂಡರೆ ಹಸಿರು ಬರಬಹುದು. ಹಾಗಾಗಿ ಹಸಿರು ಇದೆಯಾ ಅಂತ ಕೇಳಿದರೆ ಸಾಲದು, ಎಲ್ಲಿದೆ ಅಂತ ಕೇಳಬೇಕು.

ಫೋಟೊದಲ್ಲಿ ನಾನು ಮೊದಲು ನೋಡುವುದು ಉಬ್ಬು ಕೆಲಸವನ್ನು. ಗಟ್ಟಿ ಬೆಳ್ಳಿಯಾದರೆ ಬಳ್ಳಿಯ ಸಂದಿಯಲ್ಲಿ ಕಪ್ಪು ಕೂತಿರುತ್ತದೆ, ಎಲೆಯ ನೆತ್ತಿ ಕೈ ತಾಕಿ ತಾಕಿ ಇನ್ನೂ ಬೆಳ್ಳಗಿರುತ್ತದೆ. ಎಷ್ಟು ಸವೆದರೂ ಒಳಗಿರುವುದು ಅದೇ ತಾನೇ. ಮುಲಾಮಿನದಾದರೆ ಉಲ್ಟಾ. ನೆತ್ತಿಯಲ್ಲೇ ಬಣ್ಣ ಕೆಟ್ಟಿರುತ್ತದೆ. ಅಡಿಯಲ್ಲಿ ತಾಮ್ರವಿದ್ದರೆ ಕೆಂಪು, ಹಿತ್ತಾಳೆಯಿದ್ದರೆ ಹಳದಿ. ಹಿಡಿಯ ಬುಡ, ತಟ್ಟೆ ನೆಲಕ್ಕೆ ತಾಕುವ ಬಳೆ, ಹೆಬ್ಬೆರಳು ಕೂರುವ ಜಾಗ, ಈ ಮೂರನ್ನು ಹತ್ತಿರದಿಂದ ತೆಗೆಸಿ. ಫ್ಲ್ಯಾಶ್ ಬೇಡ, ಅದು ಎಲ್ಲವನ್ನೂ ಬೆಳ್ಳಿ ಮಾಡಿಬಿಡುತ್ತದೆ. ಹಗಲಲ್ಲಿ ಕಿಟಕಿ ಪಕ್ಕ, ಜೊತೆಗೊಂದು ಬಿಳಿ ಹಾಳೆ ಇಟ್ಟು ತೆಗೆಯಲಿ. ಹಾಳೆ ಫೋಟೊದಲ್ಲಿ ಹಳದಿಯಾಗಿ ಕಂಡರೆ ತಟ್ಟೆಯ ಹಳದಿಯನ್ನೂ ನಂಬಬೇಡಿ. ಹಿಂಬದಿಯ ಮುದ್ರೆಯದೂ ಒಂದು ಬೇಕು.

ಸಕಲೇಶಪುರದ ಅಮ್ಮ, ವಿಭೂತಿ ಪರವಾಗಿಲ್ಲ, ಟೂತ್‌ಪೇಸ್ಟು ಬಿಡಿ. ನಿಮ್ಮ ದೀಪ ಮುಲಾಮಿನದಾಗಿದ್ದರೆ ಪ್ರತಿ ಹಬ್ಬಕ್ಕೂ ಸ್ವಲ್ಪ ಬೆಳ್ಳಿ ಮೋರಿಗೆ ಹೋಗುತ್ತಿದೆ.

ಮತ್ತೆ ಹಾಸನದಿಂದ:

ಫೋಟೊ ಬಂದವು. ಮೊದಲನೆಯದರಲ್ಲಿ ತಟ್ಟೆಯ ನಡುವೆ ದೊಡ್ಡ ಕಪ್ಪು ಪಟ್ಟೆ ಕಂಡು ಗಾಬರಿಯಾಯಿತು. ತಮ್ಮ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಇನ್ನೊಂದು ತೆಗೆದ. ಪಟ್ಟೆಯೂ ಸರಿಯಿತು. ಅದು ಅವನ ಕಪ್ಪು ಟೀ ಶರ್ಟು! ಇಷ್ಟು ದಿನ ನಾನು ‘ಕಪ್ಪಾಗಿದೆ’ ಅಂತ ಬರೆದದ್ದರಲ್ಲಿ ಎಷ್ಟು ಅವನ ಅಂಗಿಯೋ ಗೊತ್ತಿಲ್ಲ.

ಹಿಡಿಯ ಬುಡದಲ್ಲಿ ಸುತ್ತಲೂ ಹಸಿರು ಇದೆ, ಅತ್ತೆ ಹೇಳಿದ್ದು ಅದನ್ನೇ. ಬಳ್ಳಿಯ ನೆತ್ತಿ ಕೆಂಪೂ ಇಲ್ಲ ಹಳದಿಯೂ ಇಲ್ಲ, ಸ್ವಲ್ಪ ಬೂದಿ ಬಣ್ಣ ಅಷ್ಟೇ. ಹಿಂದೆ ನಾಲ್ಕು ಪುಟ್ಟ ಚೌಕ, ಒಂದೊಂದರಲ್ಲಿ ಒಂದು ಇಂಗ್ಲಿಷ್ ಅಕ್ಷರ: ಇ, ಪಿ, ಎನ್, ಎಸ್. ಚಿಕ್ಕಪ್ಪ ಇದು ಬ್ರಿಟಿಷರ ಬೆಳ್ಳಿ ಮುದ್ರೆ, ಎಸ್ಟೇಟ್ ದೊರೆ ಕೊಟ್ಟದ್ದು ಅನ್ನುತ್ತಾರೆ. ತಮ್ಮ ಅಯಸ್ಕಾಂತ ಹಿಡಿದು ನೋಡಿದ, ಅಂಟಲಿಲ್ಲ. ಹಾಗಾಗಿ ಬೆಳ್ಳಿಯೇ ಅಂತ ಅವನ ತೀರ್ಮಾನ.

ಚಿಕ್ಕಮಗಳೂರಿನಿಂದ:

ದೊರೆ ಕೊಟ್ಟಿರಬಹುದು. ಆದರೆ ಆ ನಾಲ್ಕು ಅಕ್ಷರ ಬೆಳ್ಳಿಯ ಗುರುತಲ್ಲ, ಬೆಳ್ಳಿ ಅಲ್ಲ ಎನ್ನುವುದರ ಗುರುತು. ಎಲೆಕ್ಟ್ರೋ ಪ್ಲೇಟೆಡ್ ನಿಕ್ಕಲ್ ಸಿಲ್ವರ್ ಅಂತ ಅದರ ಅರ್ಥ. ನಾವು ಜರ್ಮನ್ ಸಿಲ್ವರ್ ಅನ್ನುತ್ತೇವಲ್ಲ, ಅದೇ. ತಾಮ್ರ, ಸತು, ನಿಕ್ಕಲ್ ಸೇರಿಸಿದ ಲೋಹ. ಅದರಲ್ಲಿ ಬೆಳ್ಳಿ ಒಂದು ಗುಂಜಿಯೂ ಇಲ್ಲ, ಹೆಸರಿಗೇ ಮುಲಾಮು ಹಾಕಿದ್ದಾರೆ. ಅದರ ಮೇಲೆ ಕರೆಂಟು ಹಾಯಿಸಿ ಬೆಳ್ಳಿ ಕೂರಿಸುತ್ತಾರೆ. ಬರ್ಮಿಂಗ್‌ಹ್ಯಾಮಿನಲ್ಲಿ 1840ರ ಸುಮಾರಿಗೆ ಶುರುವಾದ ಕಸುಬು. ಅಕ್ಷರಗಳನ್ನು ಬೇರೆ ಬೇರೆ ಚೌಕದಲ್ಲಿ ಒತ್ತುವುದು ಅಸಲಿ ಮುದ್ರೆಯ ಥರ ಕಾಣಲಿ ಅಂತಲೇ. ಇಂಗ್ಲೆಂಡಿನ ಅಸಲಿ ಬೆಳ್ಳಿಗೆ ಸಾಮಾನ್ಯವಾಗಿ ನಡೆಯುತ್ತಿರುವ ಸಿಂಹ ಇರುತ್ತದೆ.

ನೆತ್ತಿಯಲ್ಲಿ ಕೆಂಪು ಯಾಕಿಲ್ಲ ಅಂದರೆ, ನಿಕ್ಕಲ್ ಸೇರಿದ ಲೋಹ ತಾನೇ ಬಿಳಿ. ಮುಲಾಮು ಸವೆದರೂ ಬೂದಿ ಬಣ್ಣ ಕಂಡು ಸುಮ್ಮನಾಗುತ್ತದೆ. ಫೋಟೊ ನೋಡಿ ಮೋಸ ಹೋಗುವುದು ಇಲ್ಲೇ, ನಾನೂ ಹೋಗಿದ್ದೇನೆ. ಆದರೆ ಹಿಡಿಯ ಬುಡದಲ್ಲಿ ಅದರೊಳಗಿನ ತಾಮ್ರ ಬಾಯಿ ಬಿಟ್ಟಿದೆ. ಮೇಷ್ಟ್ರೇ, ಹಾಸನದವರ ಅತ್ತೆ ಸರಿಯಾದ ಪದವನ್ನೇ ಹೇಳಿದ್ದಾರೆ. ಕಿಲುಬಿರುವುದು ಬೆಳ್ಳಿಯಲ್ಲ, ಅದರ ಅಡಿಯಲ್ಲಿರುವುದು.

ಅಯಸ್ಕಾಂತ ಇಲ್ಲಿ ಸಾಕ್ಷಿ ಹೇಳುವುದಿಲ್ಲ. ಹಿತ್ತಾಳೆಗೂ ಅಂಟುವುದಿಲ್ಲ, ಜರ್ಮನ್ ಸಿಲ್ವರಿಗೂ ಅಂಟುವುದಿಲ್ಲ. ಅಂಟಿದರೆ ಬೆಳ್ಳಿ ಅಲ್ಲ ಅಂತ ಹೇಳಬಹುದು, ಅಷ್ಟೇ.

ಪಾಲಿಗೆ ಲೆಕ್ಕ ಬೇಕಲ್ಲ, ಹಾಕೋಣ. ತಟ್ಟೆ 30 ಸೆಂಟಿಮೀಟರ್ ಅಗಲ ಅಂದುಕೊಳ್ಳಿ. ಎರಡೂ ಮೈ ಸೇರಿ ಸುಮಾರು 1,400 ಚದರ ಸೆಂಟಿಮೀಟರ್. ಒಳ್ಳೆ ಮುಲಾಮು ಅಂದರೆ 20 ಮೈಕ್ರಾನ್ ಇಟ್ಟುಕೊಳ್ಳೋಣ, ನಾವು ಬರೆಯುವ ಹಾಳೆಯ ದಪ್ಪದ ಐದನೇ ಒಂದು ಪಾಲು. ಆಗ ಬೆಳ್ಳಿ 30 ಗ್ರಾಂ ಆಸುಪಾಸು ಬರುತ್ತದೆ. ಉಜ್ಜಿ ಹೋದದ್ದನ್ನು ಕಳೆಯಿರಿ. ಉಳಿದದ್ದನ್ನು ಬಿಡಿಸಿಕೊಳ್ಳುವ ಖರ್ಚೇ ಜಾಸ್ತಿ, ಯಾವ ಅಂಗಡಿಯವನೂ ಬೆಳ್ಳಿ ಅಂತ ತೂಗುವುದಿಲ್ಲ.

ಆದರೆ ಮುದ್ರೆಯೇ ಇಲ್ಲ ಅಂದಮಾತ್ರಕ್ಕೆ ಬೇರೆ ಸಾಮಾನನ್ನು ತಳ್ಳಿಹಾಕಬೇಡಿ. ನಮ್ಮ ಕಡೆ ಹಳೇ ಕಾಲದಲ್ಲಿ ಅಕ್ಕಸಾಲಿಗರು ಮನೆಗೆ ಮಾಡಿಕೊಟ್ಟ ಬೆಳ್ಳಿಗೆ ಎಷ್ಟೋ ಸಲ ಮುದ್ರೆಯೇ ಇರುತ್ತಿರಲಿಲ್ಲ. ಬಹಳ ಕಾಲ ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯವೂ ಇರಲಿಲ್ಲ.

ಬೇಲೂರಿನಿಂದ:

ಒಪ್ಪಿದೆ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ‘ರೂ. ತೂಕ’ದ ಬಗ್ಗೆ ಯಾರೂ ಹೇಳಲಿಲ್ಲ. ಅದು ಬೆಲೆಯಲ್ಲ. ಬ್ರಿಟಿಷರ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ ತೂಗುತ್ತಿತ್ತು, ಅಂದರೆ 11.66 ಗ್ರಾಂ. ತಕ್ಕಡಿಯಲ್ಲಿ ನಾಣ್ಯವನ್ನೇ ಬೊಟ್ಟಾಗಿ ಇಡುತ್ತಿದ್ದರು. 24 ರೂಪಾಯಿ ತೂಕ ಎಂದರೆ 280 ಗ್ರಾಂ. ತಂಬಿಗೆ ತೂಗಿಸಿ ನೋಡಿ.

ಹಾಸನದಿಂದ:

ತೂಗಿಸಿದೆ ಮೇಷ್ಟ್ರೇ. 276 ಗ್ರಾಂ. ನಾಲ್ಕು ಗ್ರಾಂ ಅತ್ತೆಯ ವಿಭೂತಿಗೆ ಹೋಗಿರಬೇಕು.

ಮತ್ತೆ ಪುಸ್ತಕ ತೆಗೆದೆ. ಲೋಟ, ಪಂಚಪಾತ್ರೆ, ಉದ್ಧರಣೆ ಎಲ್ಲಕ್ಕೂ ಮುಂದೆ ರೂ. ತೂಕ ಇದೆ. ಹರಿವಾಣದ ಮುಂದೆ ಮಾತ್ರ ಏನೂ ಇಲ್ಲ, "ಹರಿವಾಣ 1" ಅಷ್ಟೇ. ತಾತನಿಗೆ ಗೊತ್ತಿತ್ತು ಅಂತ ನನಗನ್ನಿಸುತ್ತದೆ. ಬರೆಯುವಾಗ ತಕ್ಕಡಿ ಚಿಕ್ಕದಿತ್ತು ಅಂತ ಚಿಕ್ಕಪ್ಪ ಅನ್ನುತ್ತಾರೆ.

ಅದೇ ಪೆಟ್ಟಿಗೆಯಲ್ಲಿ ಒಂದು ರೂಪಾಯಿಯ ಐದು ನಾಣ್ಯ ಸಿಕ್ಕಿವೆ, ತೂಕಕ್ಕೆ ಇಟ್ಟದ್ದೇ ಇರಬೇಕು. 1917ರದು ಮೂರು, 1944ರದು ಒಂದು, 1947ರದು ಒಂದು. ಐದಕ್ಕೂ ‘ಬೆಳ್ಳಿ ರೂಪಾಯಿ’ ಅಂತ ಬರೆಯಲೇ?

ಚಿಕ್ಕಮಗಳೂರಿನಿಂದ:

ಬೇಡ. 1917ರದು ನೂರಕ್ಕೆ ಸುಮಾರು 92 ಬೆಳ್ಳಿ. 1940ರಿಂದ ಸರ್ಕಾರ ಅದನ್ನು ಅರ್ಧಕ್ಕೆ ಇಳಿಸಿತು, ತೂಕ ಮಾತ್ರ ಹಾಗೇ ಇಟ್ಟಿತು. ಪಕ್ಕ ಪಕ್ಕ ಇಟ್ಟರೆ 1944ರದರ ಬಿಳುಪು ಸ್ವಲ್ಪ ಮಂಕು. 1947ರದು ಹುಲಿ ಇರುವ ನಾಣ್ಯ, ನಿಕ್ಕಲ್, ಬೆಳ್ಳಿಯೇ ಇಲ್ಲ. ನಿಮ್ಮ ತಮ್ಮನಿಗೆ ಈಗ ಅಯಸ್ಕಾಂತ ತರಲು ಹೇಳಿ, ಚಟ್ಟನೆ ಅಂಟುತ್ತದೆ. 1917ರ ಮೂರನ್ನೂ ತೂಗಿ. ಹಿತ್ತಾಳೆಗೆ ಮುಲಾಮು ಹಾಕಿದ ನಕಲಿಯಾದರೆ ಅದೇ ಗಾತ್ರಕ್ಕೆ ಹತ್ತು ಗ್ರಾಂ ಸುತ್ತಮುತ್ತ ನಿಲ್ಲುತ್ತದೆ.

ಹೊಳೆನರಸೀಪುರದಿಂದ:

ಒಂದು ಪದ ಉಳಿಯಿತು. ಮುಲಾಮು ಸವೆದು ಅಡಿ ಕಾಣುವ ಆ ಜಾಗಕ್ಕೆ ಅಂಗಡಿಯಲ್ಲಿ ಏನನ್ನುತ್ತೀರಿ?

ಚಿಕ್ಕಮಗಳೂರಿನಿಂದ:

ನಾವು ‘ಮೈ ಬಿಟ್ಟಿದೆ’ ಅನ್ನುತ್ತಿದ್ದೆವು. ನಮ್ಮ ಅಂಗಡಿಯ ಮಾತೋ, ಊರಿನ ಮಾತೋ ನೀವೇ ಹುಡುಕಿ.

ಹಾಸನದಿಂದ:

ಸದ್ಯಕ್ಕೆ ಪಟ್ಟಿಯಲ್ಲಿ ಹೀಗೆ ಬರೆದಿದ್ದೇನೆ: "ಹರಿವಾಣ 1, ಮುಲಾಮಿನದು, ಬಳ್ಳಿಯ ಮೇಲೆ ಮೈ ಬಿಟ್ಟಿದೆ, ಹಿಡಿಯ ಬುಡ ಕಿಲುಬಿದೆ." ಅತ್ತೆ ಸಹಿ ಹಾಕಿದರು. ಚಿಕ್ಕಪ್ಪ ಇನ್ನೂ ಹಾಕಿಲ್ಲ. ಒರೆಗೆ ಹಚ್ಚಿಸೋಣ ಅಂದರೆ ತಟ್ಟೆಗೆ ಗೀರು ಬೀಳುತ್ತದೆ ಅನ್ನುತ್ತಾರೆ. ಪನ್ನೀರುದಾನಿಯ ಫೋಟೊ ನಾಳೆ ಬರುತ್ತದೆ. ತಮ್ಮನಿಗೆ ಬಿಳಿ ಅಂಗಿ ಹಾಕಿಕೊಂಡು ತೆಗೆ ಅಂದಿದ್ದೇನೆ.