ಅಪ್‌ಡೇಟ್: ಕಾಲ್‌ನಲ್ಲಿ ನನ್ನ ಸ್ವರ ರೋಬೋಟ್ ಥರ ಆಗ್ತಿದ್ದದ್ದು ಯಾಕೆ ಅಂತ ಗೊತ್ತಾಯ್ತು

ನಾನು ಕೇಳಿದ್ದು: "ಉಡುಪಿ ಮನೆಯಿಂದ ಲ್ಯಾಪ್‌ಟಾಪ್‌ನಲ್ಲಿ ಮಸ್ಕತ್‌ನ ಅಕ್ಕನಿಗೆ ಕಾಲ್ ಮಾಡಿದ್ರೆ ನನ್ನ ಸ್ವರ ತುಂಡು ತುಂಡಾಗಿ ಕೇಳ್ತದಂತೆ, ಸ್ಪೀಡ್ ಟೆಸ್ಟ್‌ನಲ್ಲಿ 100 ಎಂಬಿಪಿಎಸ್ ಉಂಟು, ಮತ್ತೆ ಯಾಕೆ?"

ನೀವು ಹೇಳಿದ ಹಾಗೆ ಮೊದಲು ಮನೆಯ ರೂಟರ್‌ಗೇ ಪಿಂಗ್ ಹೊಡೆದೆ.

```
ping -n 200 192.168.1.1
```

ನನ್ನ ರೂಮಿನಿಂದ ಕಳಿಸಿದ 200 ಪ್ಯಾಕೆಟ್‌ನಲ್ಲಿ ಕಳೆದುಹೋದದ್ದು ಬರೀ 3, ಆದ್ರೆ ಹೋಗಿ ಬರುವ ಟೈಮ್ ನೋಡಿದ್ರೆ ಒಮ್ಮೆ 2 ಮಿಲಿಸೆಕೆಂಡ್, ಮರುಕ್ಷಣ 340, ಆ ಏರಿಳಿತವೇ ಜಿಟ್ಟರ್. ನಮ್ಮದು ಹಳೇ ಮನೆ, ದಪ್ಪ ಕೆಂಪುಕಲ್ಲಿನ ಗೋಡೆ, ಎರಡು ಗೋಡೆ ದಾಟುವಾಗ ವೈಫೈ ಸಿಗ್ನಲ್ ಸೋತು ಒಂದೇ ಪ್ಯಾಕೆಟನ್ನು ಮತ್ತೆ ಮತ್ತೆ ಕಳಿಸ್ತದೆ, ಅದಕ್ಕೇ ಲೇಟು.

ಸ್ವರ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡಾಗಿ ಹೋಗ್ತದೆ, ಅಂದ್ರೆ ಸೆಕೆಂಡಿಗೆ 50 ಪ್ಯಾಕೆಟ್. ಅಕ್ಕನ ಕಡೆ ಆ್ಯಪ್ ಅದನ್ನು ಸ್ವಲ್ಪ ಹೊತ್ತು ಬಫರ್‌ನಲ್ಲಿ ಇಟ್ಟು ಸಾಲಾಗಿ ನುಡಿಸ್ತದೆ, ಆ ಹೊತ್ತು ಮೀರಿ ಬಂದ ಪ್ಯಾಕೆಟ್ ಬಂದ್ರೂ ಬಾರದ ಹಾಗೆಯೇ. ಒಂದೆರಡು ತಪ್ಪಿದ್ರೆ ಹಿಂದಿನ ಸ್ವರವನ್ನೇ ಎಳೆದು ತೇಪೆ ಹಾಕ್ತದೆ, ಗೊತ್ತಾಗುದಿಲ್ಲ. ಸಾಲಾಗಿ ಐದಾರು ತಪ್ಪಿದ್ರೆ ಆ ತೇಪೆಯೇ ರೋಬೋಟ್ ಸ್ವರ, ಇನ್ನೂ ಹೆಚ್ಚಾದ್ರೆ ಪೂರ್ತಿ ಕಟ್. ಸ್ಪೀಡ್ ಟೆಸ್ಟಿನ ದೊಡ್ಡ ನಂಬರ್‌ನಲ್ಲಿ ಇದು ಕಾಣುದೇ ಇಲ್ಲ ಮಾರ್ರೆ, ಕಾಲ್‌ಗೆ ಬೇಕಾದ್ದು 100 ಕೆಬಿಪಿಎಸ್ ಆಸುಪಾಸು ಅಷ್ಟೆ, ಆದ್ರೆ ಸಮಯಕ್ಕೆ ಸರಿಯಾಗಿ.

ನಿನ್ನೆ ಉದ್ದ ಲ್ಯಾನ್ ಕೇಬಲ್ ಎಳೆದೆ. ಈಗ 200ಕ್ಕೆ 200, ಎಲ್ಲ 1 ಮಿಲಿಸೆಕೆಂಡ್ ಹತ್ರ. ರಾತ್ರಿ ಅಕ್ಕನ ಹತ್ರ ಮುಕ್ಕಾಲು ಗಂಟೆ ಮಾತಾಡಿದೆ, ಒಮ್ಮೆಯೂ "ಎಂತ ಹೇಳಿದ್ದು?" ಅಂತ ಕೇಳ್ಲಿಲ್ಲ. ತುಂಬಾ ಥ್ಯಾಂಕ್ಸ್.